ಎಣಿಸಿದ್ದು ಬೆಳಿಗ್ಗೆ, ಎಂಟ್ರಿ ಹಾಕಿದ್ದು ಸಂಜೆ

ಬದಿಯಡ್ಕ ಹತ್ತಿರ ನಮ್ಮದು ಪೈಪ್, ಪಂಪ್‌ಸೆಟ್, ಸ್ಪ್ರಿಂಕ್ಲರ್ ಅಂಗಡಿ. ಮೊದಲು ಮಾರ್ಚ್ 31ಕ್ಕೆ ಮಾತ್ರ ಸ್ಟಾಕ್ ಎಣಿಸುತ್ತಿದ್ದೆವು. ಈ ವರ್ಷದಿಂದ ವಾರವಾರ ಸ್ವಲ್ಪ ಸ್ವಲ್ಪ ಎಣಿಸಿ ಇಆರ್‌ಪಿನೆಕ್ಸ್ಟ್ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಸರಿ ಮಾಡುತ್ತೇವೆ. ಆದರೂ 63 ಎಂಎಂ ಪೈಪ್ ಪ್ರತಿ ಸಲ ತಪ್ಪುತ್ತದೆ. ಮೊನ್ನೆ ಸೋಮವಾರ ಬೆಳಿಗ್ಗೆ 139 ಇತ್ತು, ಸಿಸ್ಟಮ್‌ನಲ್ಲಿ 148. ಸಂಜೆ ಕೂತು 139 ಅಂತ ಹಾಕಿದೆವು. ಹಳೇ ಪದ್ಧತಿಯೇ ವಾಸಿಯಾ?

ಅಲ್ಲ. ದಯವಿಟ್ಟು ಹಿಂದೆ ಹೋಗಬೇಡಿ. ನಮ್ಮ ಕಡೆ ಮಾರ್ಚ್ ಅಂದರೆ ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ. ಪೈಪ್ ಅಂಗಡಿಗೆ ಅದಕ್ಕಿಂತ ಗಡಿಬಿಡಿಯ ತಿಂಗಳು ಇನ್ನೊಂದಿಲ್ಲ. ಆ ಗಡಿಬಿಡಿಯಲ್ಲಿ ಎಣಿಸಿ ಒಂಬತ್ತು ಪೈಪ್ ಕಮ್ಮಿ ಅಂತ ಗೊತ್ತಾದರೆ ಏನು ಮಾಡುತ್ತೀರಿ? ಹನ್ನೆರಡು ತಿಂಗಳ ಬಿಲ್ ತಿರುವಿ ಹಾಕಲು ಯಾರಿಗೂ ಆಗುವುದಿಲ್ಲ. ಸುಮ್ನೆ ನಷ್ಟ ಅಂತ ಬರೆದು ಮುಗಿಸುತ್ತೀರಿ. ವಾರವಾರ ಎಣಿಸುವುದರ ಪ್ರಯೋಜನ ಇಷ್ಟೇ: ಹೋದ ವಾರದ ಕಾಗದ ಇನ್ನೂ ಕೈಯಲ್ಲಿರುತ್ತದೆ, ಮಾಲು ಕೊಟ್ಟ ಹುಡುಗನಿಗೆ ಇನ್ನೂ ನೆನಪಿರುತ್ತದೆ.

ನಿಮ್ಮ ಎಣಿಕೆಯಲ್ಲಿ ತಪ್ಪಿಲ್ಲ, ತಪ್ಪಿರುವುದು ಎಂಟ್ರಿಯಲ್ಲಿ. ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ನಿಮ್ಮ ಹತ್ತಿರ ಆ ದಿನದ ಬಿಲ್ ತರಿಸಿಕೊಂಡು ನೋಡಿದೆ. ಸೋಮವಾರ ಹಗಲಿಡೀ 12 ಪೈಪ್ ಮಾರಿದ್ದೀರಿ. ಅಂದರೆ ಸಂಜೆ ಸಿಸ್ಟಮ್‌ನಲ್ಲಿ ಇದ್ದದ್ದು 136, ಗೋಡೌನ್‌ನಲ್ಲಿ ಇದ್ದದ್ದು 127. ನೀವು ಸಂಜೆಯ ಸಮಯಕ್ಕೆ 139 ಅಂತ ಹಾಕಿದಿರಿ. ಸಿಸ್ಟಮ್ ಏನು ಮಾಡಿತು? ಒಂಬತ್ತು ಕಮ್ಮಿ ಅಂತ ತೋರಿಸುವ ಬದಲು ಮೂರು ಜಾಸ್ತಿ ಅಂತ ಸೇರಿಸಿತು. ಮುಂದಿನ ಸಲ ಎಣಿಸಿದಾಗ ನಿಮಗೆ 12 ಕಮ್ಮಿ ಕಾಣುತ್ತದೆ. ಕಳ್ಳ ಯಾರು ಅಂತ ಹುಡುಗರ ಮುಖ ನೋಡುತ್ತೀರಿ. ಅವರೇನೂ ಮಾಡಿಲ್ಲ.

ಎಣಿಕೆ ಹಾಕುವ `Stock Reconciliation` ಎಂಟ್ರಿಯಲ್ಲಿ ನೀವು ಹಾಕುವುದು ವ್ಯತ್ಯಾಸವನ್ನಲ್ಲ, ಒಂದು ನಿರ್ದಿಷ್ಟ ಗಳಿಗೆಯಲ್ಲಿ ಇದ್ದ ಒಟ್ಟು ಮಾಲನ್ನು. ಆ ಗಳಿಗೆ ಎಣಿಸಿದ ಗಳಿಗೆಯೇ ಆಗಿರಬೇಕು. `Edit Posting Date and Time` ಟಿಕ್ ಮಾಡಿ, 8:30ಕ್ಕೆ ಎಣಿಸಿದ್ದರೆ 8:30 ಅಂತಲೇ ಹಾಕಿ. ಆಮೇಲಿನ ಮಾರಾಟವನ್ನು ಸಿಸ್ಟಮ್ ತಾನೇ ಕಳೆದುಕೊಳ್ಳುತ್ತದೆ. ಅಂಗಡಿ ತೆರೆಯುವ ಮೊದಲು ಎಣಿಸಿದರೆ ಇನ್ನೂ ಒಳ್ಳೆಯದು. ಎಣಿಸುವಾಗ ಯಾರೂ ಪೈಪ್ ಎಳೆಯಬಾರದು.

ಆದರೆ ಸಮಯ ಸರಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂಬತ್ತು ಕಮ್ಮಿ ಇದೆ ಅಂದಕೂಡಲೇ ಒಂಬತ್ತನ್ನೂ ನಷ್ಟಕ್ಕೆ ಬರೆಯಬೇಡಿ. ಮೊದಲು ಹುಡುಕಿ. ನಿಮ್ಮ ಕಾಗದದಲ್ಲೇ ಉತ್ತರ ಇತ್ತು. ಶನಿವಾರ ಸಂಜೆ ಪೆರ್ಲದ ತೋಟಕ್ಕೆ ಜೀಪಿನಲ್ಲಿ ಆರು ಪೈಪ್ ಹೋಗಿದೆ. ಕೈಯಲ್ಲಿ ಬರೆದ ಚಲನ್ ಉಂಟು, ಸಿಸ್ಟಮ್‌ನಲ್ಲಿ ಇಲ್ಲ. ಅದು ಸ್ಟಾಕ್ ನಷ್ಟ ಅಲ್ಲ, ಬಾಕಿ ಉಳಿದ ಎಂಟ್ರಿ. ಇದನ್ನು ನಷ್ಟಕ್ಕೆ ಬರೆದು, ಆಮೇಲೆ ಯಾರೋ ನೆನಪಾಗಿ ಚಲನ್‌ ಅನ್ನು ಮಂಗಳವಾರದ ತಾರೀಕಿಗೆ ಹಾಕಿದರೆ ಅದೇ ಆರು ಎರಡು ಸಲ ಕಡಿಮೆಯಾಗುತ್ತದೆ.

ಇನ್ನು ಮೂರು. ನಿಮ್ಮ ಪಟ್ಟಿಯಲ್ಲಿ 75 ಎಂಎಂ ಎರಡು ಜಾಸ್ತಿ ಇತ್ತು, ಅಲ್ವಾ? ಒಂದು ಕಡೆ ಕಮ್ಮಿ, ಪಕ್ಕದ ಸೈಜಿನಲ್ಲಿ ಜಾಸ್ತಿ ಬಂದರೆ ಮೊದಲು ಬಿಲ್ ಮೇಲೆ ಸಂಶಯಪಡಬೇಕು. ಕೊಟ್ಟದ್ದು 63, ಬಿಲ್‌ನಲ್ಲಿ ಆರಿಸಿದ್ದು 75. ಗಿರಾಕಿ ಜಾಸ್ತಿ ದುಡ್ಡು ಕೊಟ್ಟಿದ್ದಾರೆ. ಇದನ್ನು ಸ್ಟಾಕ್ ಎಂಟ್ರಿಯಲ್ಲಿ ಮುಚ್ಚಬೇಡಿ. ಕ್ರೆಡಿಟ್ ನೋಟ್ ಕೊಟ್ಟು ಸರಿಯಾದ ಬಿಲ್ ಮಾಡಿ, ದುಡ್ಡು ವಾಪಸ್ ಕೊಡಿ.

ಉಳಿದದ್ದು ಒಂದು. ಶೆಡ್ಡಿನ ಹಿಂದೆ ಸೀಳಿದ ಪೈಪ್ ಒಂದು ಬಿದ್ದಿದೆ ಅಂತ ನೀವೇ ಹೇಳಿದಿರಿ. ನಿಜವಾದ ನಷ್ಟ ಅದೊಂದೇ.

ಈಗ ಹೀಗೆ ಮಾಡಿ. ಸೋಮವಾರ ಸಂಜೆಯ ಎಂಟ್ರಿಯನ್ನು ರದ್ದು ಮಾಡಿ. ಸಿಸ್ಟಮ್ 136ಕ್ಕೆ ವಾಪಸ್ ಬರುತ್ತದೆ. ಚಲನ್ ಹಾಕಿದರೆ 130. ಕ್ರೆಡಿಟ್ ನೋಟ್, ಹೊಸ ಬಿಲ್ ಆದ ಮೇಲೆ 128. ಮರುದಿನ ಬೆಳಿಗ್ಗೆ ಆ ಒಂದು ಐಟಂ ಮಾತ್ರ ಮತ್ತೆ ಎಣಿಸಿ. ನಡುವೆ ಬೇರೆ ಮಾರಾಟ ಇಲ್ಲದಿದ್ದರೆ 127 ಸಿಗಬೇಕು. ಎಣಿಸಿದ ಸಮಯಕ್ಕೇ 127 ಅಂತ ಹಾಕಿ. ಮತ್ತೆ ಎಣಿಸಿ ಅನ್ನುವುದು ಯಾಕೆಂದರೆ, ಇವತ್ತಿನ ತಾರೀಕಿನ ಕ್ರೆಡಿಟ್ ನೋಟನ್ನು ಸೋಮವಾರದ ಎಣಿಕೆಗೆ ಹೊಂದಿಸಲು ಹೋದರೆ ಮತ್ತೆ ಗೋಜಲಾಗುತ್ತದೆ.

ಎಣಿಸುವಾಗ ಪೈಪಿನ ಬಾಯಿಯೊಳಗೆ ಟಾರ್ಚ್ ಹಾಕಿ ನೋಡಿ. ಲೋಡ್ ಬರುವಾಗ ಜಾಗ ಉಳಿಸಲು 90ರ ಒಳಗೆ 63 ತೂರಿಸಿರುತ್ತಾರೆ. ಹೊರಗಿನಿಂದ ಎಣಿಸಿದವರಿಗೆ ಅದು ಕಾಣುವುದೇ ಇಲ್ಲ. ಎಣಿಸಿದ ಪೈಪಿಗೆ ಚಾಕ್‌ನಲ್ಲಿ ಗುರುತು ಹಾಕಿ.

ಕೊನೆಯದಾಗಿ ದರ. ಅದೇ ಎಂಟ್ರಿಯಲ್ಲಿ `Valuation Rate` ಅಂತ ಒಂದು ಕಾಲಂ ಉಂಟು. ಅಲ್ಲಿ ಈಗಿನ ಖರೀದಿ ದರ ಹಾಕಿ ಅಂತ ಕೆಲವು ಸಾಫ್ಟ್‌ವೇರ್ ಹುಡುಗರು ಕಲಿಸುತ್ತಾರೆ. ಅವರ ಮಾತು ಕೇಳಬೇಡಿ. ಸಿಸ್ಟಮ್‌ನಲ್ಲಿ ಒಂದು ಪೈಪಿಗೆ 412 ರೂಪಾಯಿ ಇದೆ ಅಂದುಕೊಳ್ಳಿ. 128 ಪೈಪಿನ ಬೆಲೆ 52,736. ನೀವು 450 ಅಂತ ಹೊಡೆದು 127 ಹಾಕಿದರೆ ಬೆಲೆ 57,150 ಆಗುತ್ತದೆ. ಪೈಪ್ ಒಡೆದು 412 ರೂಪಾಯಿ ಹೋಗಿದೆ, ಲೆಕ್ಕದಲ್ಲಿ 4,414 ರೂಪಾಯಿ ಲಾಭ ಬಂದಿದೆ! ಎಣಿಕೆಯ ಎಂಟ್ರಿಯಲ್ಲಿ ಸಂಖ್ಯೆ ಮಾತ್ರ ಬದಲಿಸಿ, ದರ ಮುಟ್ಟಬೇಡಿ. ಸೇವ್ ಮಾಡಿ, ಸಬ್ಮಿಟ್ ಮಾಡುವ ಮೊದಲು ಒಟ್ಟು ವ್ಯತ್ಯಾಸದ ಮೊತ್ತ ನೋಡಿ. ಮಾಲು ಕಮ್ಮಿಯಾಗಿ ಮೊತ್ತ ಜಾಸ್ತಿ ತೋರಿಸಿದರೆ ಅಲ್ಲೇ ನಿಲ್ಲಿಸಿ.

ಒಡೆದ ಪೈಪನ್ನು ನಷ್ಟಕ್ಕೆ ಬರೆದರೆ ಅದರ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸನ್ನು ವಾಪಸ್ ತೋರಿಸಬೇಕು. ಜಿಎಸ್‌ಟಿ ಕಾಯ್ದೆಯ 17(5)(ಎಚ್) ಹೇಳುವುದು ಅದನ್ನೇ. ಒಂದು ಪೈಪಿಗೆ ಸಣ್ಣ ಮೊತ್ತ. ಒಂಬತ್ತನ್ನೂ ನಷ್ಟಕ್ಕೆ ಬರೆದಿದ್ದರೆ, ಮಾರಿದ ಮಾಲಿನ ಟ್ಯಾಕ್ಸನ್ನೂ ಕೈಯಿಂದ ಕಟ್ಟಬೇಕಾಗುತ್ತಿತ್ತು.

ವಾರವಾರ ಎಣಿಸಿದರೆ ಮಾರ್ಚ್ 31ರ ಎಣಿಕೆ ಬಿಟ್ಟುಬಿಡಬಹುದಾ? — ಉಪ್ಪಳ

ನಿಮ್ಮ ಆಡಿಟರ್ ಒಪ್ಪಿದರೆ ಮಾತ್ರ. ಪ್ರತಿ ಐಟಂ ವರ್ಷದಲ್ಲಿ ಒಮ್ಮೆಯಾದರೂ ಎಣಿಕೆಗೆ ಬಂದಿರಬೇಕು, ಸಹಿ ಹಾಕಿದ ಶೀಟ್ ಇಟ್ಟಿರಬೇಕು.

ಎಣಿಸುವ ಶೀಟ್‌ನಲ್ಲಿ ಸಿಸ್ಟಮ್‌ನ ಸಂಖ್ಯೆ ಪ್ರಿಂಟ್ ಮಾಡಿ ಕೊಟ್ಟರೆ ಹುಡುಗರಿಗೆ ಸುಲಭ ಅಲ್ವಾ? — ಕುಂಬಳೆ

ಬೇಡವೇ ಬೇಡ. 148 ಅಂತ ಕಂಡವರು 148 ಸಿಗುವವರೆಗೆ ಎಣಿಸುತ್ತಾರೆ.

ಬಾರ್‌ಕೋಡ್ ಗನ್ ತೆಗೆದುಕೊಂಡರೆ ವ್ಯತ್ಯಾಸ ನಿಲ್ಲುತ್ತದೆ ಅಂತ ಒಬ್ಬರು ಹೇಳಿದರು. ನಿಜವಾ? — ಮುಳ್ಳೇರಿಯ

ಚಲನ್ ಬರೆಯದೆ ಜೀಪಿಗೆ ಹತ್ತಿದ ಮಾಲನ್ನು ಯಾವ ಗನ್ನೂ ಓದುವುದಿಲ್ಲ.

ಹಸಿ ಅಡಿಕೆ ಒಣಗಿದ ಮೇಲೆ ತೂಕ ಇಳಿಯುತ್ತದೆ. ಅದನ್ನೂ ಎಣಿಕೆಯ ವ್ಯತ್ಯಾಸ ಅಂತಲೇ ಹಾಕುವುದಾ? — ಪೈವಳಿಕೆ

ಇಲ್ಲ. ಹಸಿ ಅಡಿಕೆ ಒಂದು ಐಟಂ, ಚಾಲಿ ಇನ್ನೊಂದು ಐಟಂ. ಒಣಗಿಸಿದ ದಿನವೇ ತೂಗಿ, ಹಸಿಯನ್ನು ಚಾಲಿಯಾಗಿ ಬದಲಿಸಿದ ಎಂಟ್ರಿ ಹಾಕಿ. ಇಳಿದ ತೂಕವನ್ನು ಎಣಿಕೆಯ ಖಾತೆಗೆ ತುರುಕಿದರೆ ನಿಜವಾಗಿ ಮೂಟೆ ಕಾಣೆಯಾದ ದಿನ ನಿಮಗೆ ಗೊತ್ತೇ ಆಗುವುದಿಲ್ಲ.