ಒಂದು ತಿಂಗಳು ಊರಿಂದ ಕೆಲಸ: ಕಲಬುರಗಿಯ ಒಂದು ಪ್ರಕರಣ

ಸವಿತಾ ಅಂತ ಕರೆಯೋಣ. ಹೆಸರು ಬದಲಿಸಿದ್ದೇನೆ, ಗುರುತು ಸಿಗುವ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಸುಮಾರು 30 ವಯಸ್ಸು. ಆಕೆಯ ಟೀಮ್ ನೋಡಿಕೊಳ್ಳುವುದು ಸಂಬಳ ಲೆಕ್ಕ ಹಾಕುವ ಸಾಫ್ಟ್‌ವೇರನ್ನು. ಶನಿವಾರ ಬೆಳಗ್ಗೆ ಕಲಬುರಗಿಯಲ್ಲಿ ರೈಲಿಳಿದು ಸಲಹೆ ಕೇಳಲು ಸೀದಾ ನನ್ನ ಹತ್ತಿರ ಬಂದಿದ್ದಳು.

"ಅವ್ವಗ ಮೊಣಕಾಲಿನ ಆಪರೇಷನ್ ಐತ್ರಿ ಮೇಡಂ. ಒಂದ್ ತಿಂಗ್ಳು ಇಲ್ಲೇ ಇದ್ದು ಕೆಲಸ ಮಾಡ್ತೀನಂತ ಮ್ಯಾನೇಜರಿಗೆ ಮೆಸೇಜ್ ಮಾಡಿದ್ದೆ. ನೋಡೋಣ ಅಂದ್ರು. ಮೂರು ವಾರ ಆಯ್ತು, ಇನ್ನೂ ನೋಡಾಕತ್ಯಾರ."

ಮೆಸೇಜ್ ತೋರಿಸು ಅಂದೆ. ಎರಡೇ ಸಾಲು ಇತ್ತು. ತಾಯಿಗೆ ಆಪರೇಷನ್ ಇದೆ, ಒಂದು ತಿಂಗಳು ಊರಿಂದ ಕೆಲಸ ಮಾಡಲು ಅನುಮತಿ ಕೊಡಿ, ಎಂದಿನಂತೆ ಪೂರ್ತಿ ಹೊತ್ತು ಲಭ್ಯ ಇರುತ್ತೇನೆ. ಕೊನೆಯ ಮಾತು ಓದಿದಾಗಲೇ ನನಗೆ ತೊಡಕು ಎಲ್ಲಿದೆ ಅಂತ ಅನಿಸಿತು.

ಒಂದು ಖಾಲಿ ಹಾಳೆ ಕೊಟ್ಟು, ಆಪರೇಷನ್ ಆದ ಮೇಲಿನ ಒಂದು ದಿನವನ್ನು ಬೆಳಗ್ಗೆಯಿಂದ ರಾತ್ರಿವರೆಗೆ ಬರಿ ಅಂದೆ. ಡಾಕ್ಟರು ಹೇಳಿದ್ದೆಲ್ಲ ಆಕೆಗೆ ಗೊತ್ತಿತ್ತು. ಆಪರೇಷನ್ ಆದ ಒಂದೆರಡು ದಿನದಲ್ಲೇ ವಾಕರ್ ಹಿಡಿದು ನಡೆಸುತ್ತಾರೆ. ಹೊಲಿಗೆ ತೆಗೆಯಲು ಸುಮಾರು ಎರಡು ವಾರ ಬೇಕು. ಮನೆಗೆ ಬಂದ ಮೇಲೆ ದಿನಕ್ಕೆ ಮೂರು ಸಲ ವ್ಯಾಯಾಮ, ಬಾವು ಇಳಿಯಲು ಐಸ್ ಪ್ಯಾಕ್. ಸ್ನಾನಕ್ಕೆ, ಬಾತ್‌ರೂಮಿಗೆ ಒಬ್ಬರು ಜೊತೆಗಿರಲೇಬೇಕು. ಫಿಸಿಯೋಥೆರಪಿಯವರು 11 ಗಂಟೆಗೆ ಮನೆಗೆ ಬರುತ್ತಾರೆ. ಬರೆದು ಮುಗಿಸಿ ಹಾಳೆಯನ್ನೇ ನೋಡುತ್ತಾ ಕುಳಿತಳು. ಬೆಳಗ್ಗೆ ಎಂಟೂವರೆಯಿಂದ ಹತ್ತರವರೆಗೆ ಕೈ ಖಾಲಿ ಇಲ್ಲ. ಹನ್ನೊಂದರಿಂದ ಹನ್ನೆರಡೂವರೆವರೆಗೂ ಇಲ್ಲ.

"ಹಂಗಾದ್ರ ಪೂರ್ತಿ ಹೊತ್ತು ಅಂತ ಸುಳ್ಳ ಬರ್ದೀನಲ್ರಿ."

ಅದು ಬೇಕಂತ ಹೇಳಿದ ಸುಳ್ಳಲ್ಲ. ಅಣ್ಣ ಪುಣೆಯಲ್ಲಿದ್ದಾನೆ, ತಾಯಿಯನ್ನು ನೋಡಿಕೊಳ್ಳುವುದು ತನ್ನ ಪಾಲಿಗೇ ಬಂದಿದೆ ಅನ್ನೋ ಭಾರ ಒಂದು ಕಡೆ. ಊರಿಗೆ ಹೋದರೆ ಆಫೀಸಿನಲ್ಲಿ ಹಗುರ ಆಗ್ತೀನಿ ಅನ್ನೋ ಅಂಜಿಕೆ ಇನ್ನೊಂದು ಕಡೆ. ಎರಡೂ ಸೇರಿದಾಗ ಜನ ಮಾಡಲಾಗದ್ದನ್ನು ಒಪ್ಪಿಕೊಂಡುಬಿಡುತ್ತಾರೆ. ಮನೆಯಲ್ಲಿ ರೋಗಿ ಇರುವಾಗ ಬಂದ "ಎಂದಿನಂತೆ" ಅನ್ನೋ ಮಾತನ್ನು ಮ್ಯಾನೇಜರೂ ನಂಬುವುದಿಲ್ಲ. ಬಾಯಿ ಬಿಟ್ಟು ಹೇಳುವುದಿಲ್ಲ, ನೋಡೋಣ ಅಂತಾರೆ ಅಷ್ಟೇ.

ನಾನು ಮೊದಲು ಕೊಟ್ಟ ಸಲಹೆ ಆಕೆಗೆ ಹಿಡಿಸಲಿಲ್ಲ. ಆಸ್ಪತ್ರೆಯ ವಾರಕ್ಕೆ ರಜೆ ಹಾಕು ಅಂದೆ. ಆಸ್ಪತ್ರೆಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೆಲಸ ಮಾಡಿದರೆ ಅದು ಕೆಲಸವೂ ಅಲ್ಲ, ಆರೈಕೆಯೂ ಅಲ್ಲ. ಮೇಲಾಗಿ ಆಕೆಯ ಲ್ಯಾಪ್‌ಟಾಪಿನಲ್ಲಿ ಸಾವಿರಾರು ಜನರ ಸಂಬಳದ ಲೆಕ್ಕ ಇರುತ್ತದೆ, ಅದನ್ನು ನಾಲ್ಕು ಜನ ಓಡಾಡುವ ಕಡೆ ತೆರೆಯುವಂತಿಲ್ಲ. ರಜೆ ಉಳಿಸಬೇಕು ಅಂತ ವಾದ ಮಾಡಿದಳು. ಆದರೆ ಐದು ದಿನ ರಜೆ ಅಂತ ಮೊದಲೇ ಬರೆದರೆ, ಉಳಿದ ನಾಲ್ಕು ವಾರದ ಕೆಲಸವನ್ನು ನಂಬಲು ಮ್ಯಾನೇಜರಿಗೆ ಒಂದು ಕಾರಣ ಸಿಗುತ್ತದೆ. ರಾತ್ರಿಯೆಲ್ಲ ಯೋಚಿಸಿ ಮರುದಿನ ಫೋನ್ ಮಾಡಿ ಒಪ್ಪಿದಳು.

ನಂತರ ಮ್ಯಾನೇಜರ್ ಕಡೆಯಿಂದ ನೋಡಿದೆವು. ಅವರಿಗೆ ಯಾವ ದಿನದ ಚಿಂತೆ ಜಾಸ್ತಿ ಅಂತ ಕೇಳಿದೆ. ತಕ್ಷಣ ಹೇಳಿದಳು: ತಿಂಗಳ 25ರಿಂದ 30. ಆಗ ಕಂಪನಿಗಳೆಲ್ಲ ಸಂಬಳ ಹಾಕುತ್ತವೆ, ಎಲ್ಲಿ ಲೆಕ್ಕ ತಪ್ಪಿದರೂ ಫೋನ್ ಬರುತ್ತದೆ, ಟೆಸ್ಟಿಂಗಿನವರು ಕೂಡಲೇ ಸಿಗಬೇಕು. ಅದರ ಜೊತೆಗೆ 18ಕ್ಕೆ ಒಂದು ಹೊಸ ರಿಲೀಸ್ ಇತ್ತು. ಆಕೆಯ ಮೆಸೇಜಿನಲ್ಲಿ ಈ ಎರಡರ ಸುದ್ದಿಯೇ ಇರಲಿಲ್ಲ. ತಾಯಿಯ ಕಷ್ಟ ಮ್ಯಾನೇಜರಿಗೆ ಅರ್ಥವಾಗಿತ್ತು. 27ನೇ ತಾರೀಖು ಯಾರು ಫೋನ್ ಎತ್ತುತ್ತಾರೆ ಅನ್ನೋದು ಮಾತ್ರ ಗೊತ್ತಾಗಿರಲಿಲ್ಲ.

ಆಪರೇಷನ್ ಏಪ್ರಿಲ್ ಮೊದಲ ವಾರಕ್ಕೆ ಗೊತ್ತಾಗಿತ್ತು. ತಿಂಗಳ ಕೊನೆ ಬರುವಷ್ಟರಲ್ಲಿ ಹೊಲಿಗೆ ತೆಗೆದಿರುತ್ತಾರೆ, ತಾಯಿ ವಾಕರ್ ಹಿಡಿದು ತಾವೇ ಓಡಾಡುತ್ತಿರುತ್ತಾರೆ. ಆ ಆರು ದಿನ ಮಾತ್ರ ಫಿಸಿಯೋ ಹೊತ್ತಿಗೆ ಜೊತೆಗಿರಲು ಚಿಗವ್ವನ ಮಗಳು ಒಪ್ಪಿದಳು. ಉಳಿದ ದಿನಗಳಿಗೆ ಸವಿತಾ ಹೊತ್ತನ್ನು ಹೀಗೆ ಹೊಂದಿಸಿದಳು: ಬೆಳಗ್ಗೆ 6:30ರಿಂದ 8:30, ಆಗ ಚಿಗವ್ವ ತಾಯಿಯ ಹತ್ತಿರ ಇರುತ್ತಾರೆ. 10ರಿಂದ 11 ಟೀಮಿನ ಮೀಟಿಂಗ್. 12:30ರಿಂದ 1:30, ಮತ್ತೆ 2ರಿಂದ 6. ಕೂಡಿಸಿದರೆ ಎಂಟು ಗಂಟೆ. ಎಲ್ಲಕ್ಕಿಂತ ಮುಖ್ಯ, ಸಿಗದ ಹೊತ್ತನ್ನೂ ಅಷ್ಟೇ ಸ್ಪಷ್ಟವಾಗಿ ಬರೆದಳು. 11ರಿಂದ 12:30 ಸಿಗುವುದಿಲ್ಲ, ಆಗ ತುರ್ತು ಬಂದರೆ ಯಾರು ನೋಡುತ್ತಾರೆ ಅನ್ನೋದನ್ನೂ.

ಆ "ಯಾರು" ಅನ್ನೋದಕ್ಕೆ ಪಕ್ಕದ ಸೀಟಿನ ಗೆಳತಿ ಇದ್ದಳು. ಆಕೆಯ ಹೆಸರು ಬರೆಯುವ ಮೊದಲು ಆಕೆಯನ್ನೇ ಕೇಳು ಅಂತ ಗಟ್ಟಿಯಾಗಿ ಹೇಳಿದೆ. ಇಂಥ ಪ್ರಕರಣ ಹಲವು ನೋಡಿದ್ದೇನೆ. ಸಹೋದ್ಯೋಗಿಗೆ ವಿಷಯ ಮ್ಯಾನೇಜರ್ ಬಾಯಿಂದ ಮೊದಲು ತಿಳಿದರೆ, ಆಕೆ ಒಪ್ಪಿದರೂ ಮನಸ್ಸಿನಲ್ಲಿ ಕಹಿ ಉಳಿಯುತ್ತದೆ. ಸವಿತಾ ಕೇಳಿದಳು. ಬದಲಿಗೆ ಮೇ ತಿಂಗಳಲ್ಲಿ ಗೆಳತಿಯ ಎರಡು ಶನಿವಾರದ ಸರದಿ ತಾನು ತಗೊಂಡಳು.

ಇನ್ನು ಮನೆ. ಕೇಳುವ ಮೊದಲು ಒಂದು ದಿನ ಮನೆಯಲ್ಲಿ ಕೂತು ಆಫೀಸಿನ ವಿಪಿಎನ್ ಹಚ್ಚಿ ನೋಡು ಅಂದಿದ್ದೆ. ಹಳೆಯ ಮನೆ, ಶಹಾಬಾದ್ ಕಲ್ಲಿನ ದಪ್ಪ ಗೋಡೆ. ರೂಟರ್ ಪಡಸಾಲೆಯಲ್ಲಿತ್ತು, ಹಿಂದಿನ ಕೋಣೆಗೆ ವೈಫೈ ಮುಟ್ಟುತ್ತಲೇ ಇರಲಿಲ್ಲ. ಪಡಸಾಲೆಯಲ್ಲಿ ವೇಗ ಚೆನ್ನಾಗಿತ್ತು, ಕೋಣೆಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಮೀಟಿಂಗ್ ಕಡಿಯುತ್ತಿತ್ತು. ಕೇಬಲ್‌ನವರನ್ನು ಕರೆಸಿ ರೂಟರಿನಿಂದ ಕೋಣೆವರೆಗೆ ವೈರ್ ಎಳೆಸಿದಳು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಸಂಜೆ ಗಾಳಿ-ಮಳೆ ಬಂದರೆ ಕರೆಂಟ್ ಹೋಗುವುದು ಗೊತ್ತೇ ಇದೆ. ಮನೆಯಲ್ಲಿ ಇನ್ವರ್ಟರ್ ಇತ್ತು, ಆದರೆ ಫ್ಯಾನು, ಲೈಟಿಗೆ ಮಾತ್ರ. ರೂಟರಿನ ಪ್ಲಗ್ ಅದಕ್ಕೆ ಸೇರಿರಲಿಲ್ಲ. ಜನ ಇದನ್ನು ಮರೆಯುತ್ತಾರೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ, ರೂಟರ್ ಸತ್ತುಹೋಗುತ್ತದೆ. ರೂಟರಿಗೆ ಸಣ್ಣ ಯುಪಿಎಸ್ ಹಾಕಿಸಿ, ಬೇರೆ ಕಂಪನಿಯ ಇನ್ನೊಂದು ಸಿಮ್ಮಿನಲ್ಲಿ ಹಾಟ್‌ಸ್ಪಾಟ್ ಹಚ್ಚಿಟ್ಟಳು. ಆಫೀಸಿನ ಐಟಿಯವರಿಗೂ ಮೊದಲೇ ಕೇಳಿದಳು, ಬೇರೆ ಊರಿಂದ ವಿಪಿಎನ್‌ಗೆ ಅನುಮತಿ ಬೇಕಾ ಅಂತ. ಬೇಕಿತ್ತು. ಅರ್ಜಿಗೆ ನಾಲ್ಕು ದಿನ ಹಿಡಿಯಿತು.

ಎರಡನೇ ಸಲ ಕೇಳಿದ್ದು ಎದುರು ಕೂತು, 20 ನಿಮಿಷ ಸಮಯ ಬೇಡಿ. ಮಾತಾದ ಸಂಜೆಯೇ ಮೇಲ್ ಕಳಿಸಿದಳು. ಇಂಗ್ಲಿಷಿನಲ್ಲಿ ಬರೆದಿದ್ದಳು, ಸಾರ ಹೀಗಿತ್ತು:

"ಏಪ್ರಿಲ್ 3ರಿಂದ 9 ರಜೆ. 10ರಿಂದ ಮೇ 9ರವರೆಗೆ ಕಲಬುರಗಿಯಿಂದ ಕೆಲಸ. ನಾನು ಸಿಗುವ ಹೊತ್ತು, ಸಿಗದ ಹೊತ್ತು ಕೆಳಗಿದೆ. 18ರ ರಿಲೀಸಿನ ಟೆಸ್ಟಿಂಗ್ 16ರ ಸಂಜೆಗೆ ಮುಗಿಸಿ ವರದಿ ಕೊಡುತ್ತೇನೆ. ಹಳೆಯ ಟೆಸ್ಟ್ ಕೇಸುಗಳಲ್ಲಿ ವಾರಕ್ಕೆ 15ರಂತೆ ಮೂರು ವಾರದಲ್ಲಿ 45ನ್ನು ಆಟೊಮೇಷನ್‌ಗೆ ತರುತ್ತೇನೆ. 25ರಿಂದ 30ರವರೆಗೆ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ, ಬೆಳಗ್ಗೆ 10ರಿಂದ ಸಂಜೆ 7 ಪೂರ್ತಿ ಸಿಗುತ್ತೇನೆ. ಆಫೀಸಿಗೆ ಬರಲೇಬೇಕಾದರೆ ಹಿಂದಿನ ದಿನ ಮಧ್ಯಾಹ್ನದೊಳಗೆ ಹೇಳಿ, ರಾತ್ರಿ ರೈಲಿಗೆ ಹೊರಟು ಬೆಳಗ್ಗೆ ಇರುತ್ತೇನೆ. ತಿಂಗಳಲ್ಲಿ ಒಂದು ಸಲ ಹೀಗೆ ಬರಬಲ್ಲೆ. 20ಕ್ಕೆ ಕೂತು ನೋಡೋಣ, ಆಗ ಸರಿಹೋಗಿಲ್ಲ ಅನಿಸಿದರೆ ಉಳಿದ ದಿನಗಳ ಬಗ್ಗೆ ಬೇರೆ ಯೋಚಿಸೋಣ."

ಎಲ್ಲರೂ ಕೇಳಿದರೆ ಏನು ಮಾಡಲಿ ಅಂತ ಮ್ಯಾನೇಜರ್ ಕೇಳಿದರಂತೆ. ಇದಕ್ಕೂ ತಯಾರಾಗಿದ್ದೆವು. ಬೇರೆಯವರ ಬಗ್ಗೆ ವಾದ ಮಾಡಬೇಡ, ನಿನ್ನ ಕೋರಿಕೆಗೆ ಶುರು ಮತ್ತು ಕೊನೆಯ ತಾರೀಖು ಇದೆ, ನಡುವೆ ನಿಲ್ಲಿಸುವ ದಾರಿಯೂ ಇದೆ ಅಂತಷ್ಟೇ ಹೇಳು ಅಂದಿದ್ದೆ. ಅವರು ಒಂದು ಬದಲಾವಣೆ ಕೇಳಿದರು. ಮೇ 9ರ ಬದಲು 5ಕ್ಕೇ ವಾಪಸ್ ಬರಬೇಕು. ಸವಿತಾ ಒಪ್ಪಿದಳು. ಅವರು ಒಪ್ಪದೇ ಹೋಗಿದ್ದರೆ ಎರಡು ವಾರ ಆಕೆ, ಎರಡು ವಾರ ಅಣ್ಣ ಅಂತ ಮನೆಯಲ್ಲಿ ಮಾತಾಗಿತ್ತು. ಅದನ್ನು ಕೇಳುವ ಮೊದಲೇ ಮಾತಾಡಿಸಿದ್ದೆ. ಇನ್ನೊಂದು ದಾರಿ ಇದೆ ಅಂತ ಗೊತ್ತಿದ್ದವರ ದನಿಯಲ್ಲಿ ಅಂಗಲಾಚುವಿಕೆ ಇರುವುದಿಲ್ಲ.

ಎಡವಿದ್ದು ಕಚೇರಿಯ ಕಡೆ ಅಲ್ಲ, ಮನೆಯ ಕಡೆ. ನಮ್ಮಲ್ಲಿ ಆಪರೇಷನ್ ಆದವರನ್ನು ಮಾತಾಡಿಸಲು ಬರದೇ ಯಾರೂ ಇರುವುದಿಲ್ಲ. ಊರಿಂದ, ಓಣಿಯಿಂದ, ಅತ್ತೆಯ ತವರಿಂದ ಬಂದರು. ಬಂದವರಿಗೆ ಚಹಾ ಆಗಬೇಕು, ದೂರದವರಾದರೆ ಊಟ ಆಗಬೇಕು. "ಲ್ಯಾಪ್‌ಟಾಪ್ ಮುಂದ ಕುಂತಾಳ, ಮನ್ಯಾಗೇ ಅದಾಳಲ್ಲ" ಅಂತ ಎಲ್ಲರೂ ಆಕೆಯನ್ನೇ ಕೂಗುತ್ತಿದ್ದರು. ಊರಿಂದ ಕೆಲಸ ಶುರು ಮಾಡಿದ ಐದನೇ ದಿನ ಮಧ್ಯಾಹ್ನ ಮೂರರಿಂದ ನಾಲ್ಕೂವರೆವರೆಗೆ ಆಕೆ ಅಡುಗೆಮನೆಯಲ್ಲೇ ಇದ್ದಳು. ಚಾಟಿನಲ್ಲಿ ಹೆಸರಿನ ಪಕ್ಕ ಹಸಿರು ಚುಕ್ಕೆ ಮಾತ್ರ ಉರಿಯುತ್ತಿತ್ತು. ಗೆಳತಿ ಎರಡು ಸಲ ಕರೆದು ಸುಮ್ಮನಾದಳು.

ರಾತ್ರಿ ನನಗೆ ಫೋನ್ ಮಾಡಿ ಅತ್ತಳು. ಯಾರಿಗೂ ಗೊತ್ತಾಗಿಲ್ಲ, ಹಂಗೇ ಬಿಡ್ಲೇನ್ರಿ ಅಂತ ಕೇಳಿದಳು. ಬೇಡ, ಇವತ್ತೇ ಹೇಳು ಅಂದೆ. ಮರುದಿನ ಹೇಳಿದರೆ ಸಮಜಾಯಿಷಿ ಆಗುತ್ತದೆ. ಮ್ಯಾನೇಜರಿಗೂ ಗೆಳತಿಗೂ ಒಂದೇ ಸಾಲು ಬರೆದಳು: ಇವತ್ತು 3ರಿಂದ 4:30 ನಾನು ಸಿಗಲಿಲ್ಲ, ಮನೆಗೆ ಜನ ಬಂದಿದ್ದರು, ಉಳಿದ ಕೆಲಸ ಈಗ ಮುಗಿಸಿದ್ದೇನೆ. ಮ್ಯಾನೇಜರ್ ಸರಿ ಅಂದರು.

ನಾವು ಆ ರಾತ್ರಿ ಹೆಚ್ಚು ಹೊತ್ತು ಮಾತಾಡಿದ್ದು ಮನೆಯ ಬಗ್ಗೆಯೇ. ಬಂದವರಿಗೆ ಬರಬೇಡಿ ಅನ್ನಲು ಆಗುವುದಿಲ್ಲ, ಅನ್ನಲೂಬಾರದು. ತಾಯಿಗೆ ಅದು ಸಮಾಧಾನ. ಆದರೆ ಹೊತ್ತು ಹೇಳಬಹುದು. ಅದನ್ನು ಸವಿತಾ ಹೇಳಿದರೆ ಸೊಕ್ಕು ಅನಿಸುತ್ತದೆ, ಹಿರಿಯರು ಹೇಳಿದರೆ ವ್ಯವಸ್ಥೆ ಅನಿಸುತ್ತದೆ. ಹೀಗಾಗಿ ಚಿಗವ್ವನಿಂದ ಹೇಳಿಸಿದೆವು. "ಸಂಜಿ ಆರರ ಮ್ಯಾಲೆ ಬರ್ರಿ, ಅಕ್ಕ ಎದ್ದು ಕುಂತಿರ್ತಾಳ. ಮಧ್ಯಾಹ್ನ ಮಲಗಿರ್ತಾಳ." ಅದು ನಿಜವೂ ಆಗಿತ್ತು. ಕೋಣೆಯ ಬಾಗಿಲು ಮುಚ್ಚಿದ್ದರೆ ಕರೆಯಬಾರದು, ತೆರೆದಿದ್ದರೆ ಕರೆಯಬಹುದು ಅಂತ ಮನೆಯವರೊಳಗೆ ಗುರುತು ಮಾಡಿಕೊಂಡರು. ತಾಯಿಯ ಹಾಸಿಗೆಯ ಹತ್ತಿರ ಒಂದು ಗಂಟೆ ಇಟ್ಟರು, ಅದು ಬಾರಿಸಿದರೆ ಮಾತ್ರ ಮೀಟಿಂಗ್ ಬಿಟ್ಟು ಏಳುವುದು. ಉಳಿದ ದಿನಗಳಲ್ಲಿ ಅದು ಬಾರಿಸಿದ್ದು ಎರಡು ಸಲ.

ರಿಲೀಸಿನ ವರದಿ 16ರ ಸಂಜೆಗೆ ಹೋಯಿತು. 20ರ ಮಾತುಕತೆ ಹತ್ತು ನಿಮಿಷದಲ್ಲಿ ಮುಗಿಯಿತು. ಆಟೊಮೇಷನ್ 45ರ ಬದಲು 38ಕ್ಕೆ ನಿಂತಿತು. ಆಗುವುದಿಲ್ಲ ಅಂತ ಒಂದು ವಾರ ಮೊದಲೇ ತಿಳಿಸಿದ್ದರಿಂದ ಉಳಿದ ಏಳನ್ನು ಮೇ ತಿಂಗಳಿಗೆ ಸೇರಿಸಿಕೊಂಡರು. 28ರ ಸಂಜೆ ಜೋರು ಗಾಳಿಗೆ ಎರಡು ಗಂಟೆ ಕರೆಂಟ್ ಇರಲಿಲ್ಲ, ರೂಟರ್ ನಡೆಯುತ್ತಲೇ ಇತ್ತು.

ಮೇ 4ರ ರಾತ್ರಿ ರೈಲಿಗೆ ಹೊರಟಾಗ ತಾಯಿ ಕೋಲು ಹಿಡಿದು ಬಾಗಿಲವರೆಗೆ ಬಂದಿದ್ದರಂತೆ. ಇನ್ನೊಂದು ಮೊಣಕಾಲಿನ ಆಪರೇಷನ್ ಡಿಸೆಂಬರಿನಲ್ಲಿದೆ. ಅದಕ್ಕೆ ಪುಣೆಯಿಂದ ಅಣ್ಣ ಬರುತ್ತಾನೆ. ತನ್ನ ಮ್ಯಾನೇಜರನ್ನು ಈಗಲೇ ಕೇಳಿಟ್ಟಿದ್ದಾನೆ. ಹಿಂದಿನ ಕೋಣೆಯ ವೈರನ್ನು ಹಾಗೇ ಬಿಟ್ಟಿದ್ದಾರೆ.