15 ಪಿಕ್ಸೆಲ್ ಮಸುಕು: ಇನ್‌ವರ್ಸ್ ಫಿಲ್ಟರ್ ಮತ್ತು ವೀನರ್ ಫಿಲ್ಟರ್

ಪ್ರಶ್ನೆ: 512 × 512ರ ಕಪ್ಪುಬಿಳುಪು ಚಿತ್ರವೊಂದನ್ನು ಅಡ್ಡಕ್ಕೆ 15 ಪಿಕ್ಸೆಲ್ ಚಲಿಸಿದಂತೆ ನಾನೇ ಎಫ್‌ಎಫ್‌ಟಿ ಮೂಲಕ ಮಸುಕಾಗಿಸಿದೆ. ಅದೇ ಪ್ರೋಗ್ರಾಮಿನಲ್ಲಿ ಇನ್‌ವರ್ಸ್ ಫಿಲ್ಟರ್ ಹಾಕಿದರೆ ಮೂಲ ಚಿತ್ರ ಹಾಗೇ ಬರುತ್ತದೆ. ಮಸುಕು ಚಿತ್ರವನ್ನು 8-ಬಿಟ್ ಪಿಎನ್‌ಜಿಯಾಗಿ ಉಳಿಸಿ, ಮತ್ತೆ ತೆರೆದು ಮಾಡಿದರೆ ಬರೀ ಅಲೆಅಲೆ ಕಸ. ಪಿಎನ್‌ಜಿಯಲ್ಲಿ ನಷ್ಟವೇ ಇಲ್ಲವಲ್ಲ? ವೀನರ್ ಫಿಲ್ಟರ್‌ನ K ಎಂದರೆ ಕಣ್ಣಂದಾಜಿನ ತೇಪೆ ಅಷ್ಟೇನಾ?

ಉತ್ತರ:

ಪಿಎನ್‌ಜಿಯ ಸಂಕೋಚನದಲ್ಲಿ ನಷ್ಟವಿಲ್ಲ ಎಂಬುದು ನಿಜ. ಆದರೆ ಅದಕ್ಕೂ ಮೊದಲೇ, ದಶಮಾಂಶದಲ್ಲಿದ್ದ ಬೆಲೆಗಳನ್ನು 0ಯಿಂದ 255ರವರೆಗಿನ ಪೂರ್ಣಾಂಕಗಳಿಗೆ ಇಳಿಸುವಾಗ ಪ್ರತಿ ಪಿಕ್ಸೆಲ್‌ನಲ್ಲೂ ಅರ್ಧ ಮಟ್ಟದವರೆಗೆ ದೋಷ ಸೇರಿಕೊಂಡಿದೆ. ಈ ದೋಷದ ವೇರಿಯನ್ಸ್ 1/12, ಅಂದರೆ ಮಾನಕ ವಿಚಲನೆ ಸುಮಾರು 0.29 ಮಟ್ಟ. ಇದು ಕಣ್ಣಿಗೆ ಕಾಣುವಂಥದ್ದಲ್ಲ. ಇನ್‌ವರ್ಸ್ ಫಿಲ್ಟರ್ ಇದನ್ನು ಎಷ್ಟು ಹಿಗ್ಗಿಸುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ.

ಏಕವೇಗದ ಅಡ್ಡ ಚಲನೆಯಲ್ಲಿ ಪ್ರತಿ ಪಿಕ್ಸೆಲ್ ತನ್ನ ಸಾಲಿನ 15 ಪಿಕ್ಸೆಲ್‌ಗಳ ಸರಾಸರಿಯಾಗುತ್ತದೆ. ಆವರ್ತನದ ಕಡೆಯಿಂದ ನೋಡಿದರೆ, ಅಡ್ಡ ಆವರ್ತನ u ಆಗಿರುವ, ಅಂದರೆ 512 ಪಿಕ್ಸೆಲ್‌ನ ಸಾಲಿನಲ್ಲಿ u ಸುತ್ತು ಹಾಕುವ ಅಂಶವು ಈ ಪ್ರಮಾಣಕ್ಕೆ ಕುಗ್ಗುತ್ತದೆ:

```
|H(u)| = | sin(15πu/512) / (15 sin(πu/512)) |
```

ಸರಾಸರಿಯ ಕಿಟಕಿಯಲ್ಲಿ ಒಂದು ಅಲೆ ಪೂರ್ಣ ಸುತ್ತುಗಳಾಗಿ ಕೂತರೆ ಅದರ ಏರಿಳಿತಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗಾಗಿ u ಎಂಬುದು 512/15ರ, ಅಂದರೆ 34.13ರ ಗುಣಕಗಳ ಬಳಿ ಬಂದಾಗಲೆಲ್ಲ H ಸೊನ್ನೆಯತ್ತ ಬೀಳುತ್ತದೆ. ಇನ್‌ವರ್ಸ್ ಫಿಲ್ಟರ್ ಪ್ರತಿ ಆವರ್ತನವನ್ನೂ Hನಿಂದ ಭಾಗಿಸುತ್ತದೆ. u = 34ರಲ್ಲಿ |H| ಸುಮಾರು 0.004 ಇರುವುದರಿಂದ ಅಲ್ಲಿ ಹಿಗ್ಗುವಿಕೆ 253 ಪಟ್ಟು. ಇದಕ್ಕಿಂತ ಕೆಟ್ಟದ್ದು u = 239: ಅದನ್ನು 15ರಿಂದ ಗುಣಿಸಿದರೆ 3585, ಅದು 512ರ ಏಳು ಪಟ್ಟಿಗಿಂತ ಒಂದೇ ಒಂದು ಹೆಚ್ಚು; ಅಲ್ಲಿ |H| ಸುಮಾರು 0.00041 ಆಗಿ, ಹಿಗ್ಗುವಿಕೆ 2,400 ಪಟ್ಟನ್ನು ಮೀರುತ್ತದೆ. ಎಲ್ಲ ಆವರ್ತನಗಳ ಮೇಲೆ 1/|H|²ದ ಸರಾಸರಿ ತೆಗೆದು ಅದರ ವರ್ಗಮೂಲ ನೋಡಿದರೆ ನಾಯ್ಸ್‌ನ, ಅಂದರೆ ಆ ದೋಷದ, ಮಾನಕ ವಿಚಲನೆ ಒಟ್ಟಾರೆ ಸುಮಾರು 170 ಪಟ್ಟು ಬೆಳೆಯುತ್ತದೆ. 0.29 ಮಟ್ಟದ ದೋಷ ಸುಮಾರು 50 ಮಟ್ಟದ್ದಾಗುತ್ತದೆ, ಅಂದರೆ ಸಾಮಾನ್ಯ ಛಾಯಾಚಿತ್ರವೊಂದರ ಬೆಳಕು-ನೆರಳಿನ ವ್ಯತ್ಯಾಸದಷ್ಟೇ.

ಆ ಕಸದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು u = 239 ಮತ್ತು ಅದರ ಪ್ರತಿಬಿಂಬವಾದ −239, ಈ ಎರಡರಿಂದಲೇ ಬರುತ್ತದೆ. ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ಒಂದೇ ಸಾಲನ್ನು ನೋಡಿ: ಹೆಚ್ಚುಕಡಿಮೆ ಒಂದು ಬಿಟ್ಟು ಒಂದು ಪಿಕ್ಸೆಲ್ ಬೆಳ್ಳಗೆ, ಕಪ್ಪಗೆ ಆಗುತ್ತಿರುತ್ತದೆ, ಮತ್ತು ಪಕ್ಕದ ಸಾಲಿನ ಅಲೆ ಇದಕ್ಕೆ ಹೊಂದಿಕೊಂಡಿರುವುದಿಲ್ಲ. ಕಸ ಹೀಗೆ ಕಂಡರೆ ಕೋಡ್ ಸರಿಯಿದೆ, ತೊಂದರೆ ಭಾಗಾಕಾರದ್ದೇ ಎಂದು ತಿಳಿಯಬಹುದು. ಒಂದೇ ಪ್ರೋಗ್ರಾಮಿನೊಳಗೆ ಮಾಡಿದಾಗ ಎಲ್ಲವೂ ಸರಿಯಾಗಿ ಬಂದದ್ದಕ್ಕೆ ಕಾರಣ, ಡಬಲ್ ನಿಖರತೆಯಲ್ಲಿ ದೋಷವು ಹದಿನಾರನೆಯ ಅಂಕೆಯ ಆಸುಪಾಸಿನಲ್ಲಿರುತ್ತದೆ. 2,400 ಪಟ್ಟು ಹಿಗ್ಗಿದರೂ ಅದು ಏನೂ ಅಲ್ಲ. 15ರ ಬದಲು 16 ಪಿಕ್ಸೆಲ್ ಇಟ್ಟು ನೋಡಿ. 512/16 ಸರಿಯಾಗಿ 32 ಆಗುವುದರಿಂದ 32, 64, 96ರಲ್ಲಿ H ನಿಜವಾಗಿಯೂ ಸೊನ್ನೆಯಾಗುತ್ತದೆ, ಆಗ ಪಿಎನ್‌ಜಿಯ ಹಂಗಿಲ್ಲದೆಯೂ ನಿಮ್ಮ ಪ್ರಯೋಗ ಮುರಿದು ಬೀಳುತ್ತದೆ.

ಈಗ K ವಿಚಾರ. ವೀನರ್ ಫಿಲ್ಟರ್‌ನ ಹಿಂದಿರುವ ಕನಿಷ್ಠ ವರ್ಗದೋಷದ ವಿಧಾನವು ಮಸುಕನ್ನು ರದ್ದುಮಾಡುವುದು ಹೇಗೆ ಎಂದು ಕೇಳುವುದಿಲ್ಲ. ಪ್ರತಿ ಆವರ್ತನದಲ್ಲೂ ಯಾವ ಗುಣಕದಿಂದ ಗುಣಿಸಿದರೆ ಮೂಲಕ್ಕೂ ಅಂದಾಜಿಗೂ ಇರುವ ವ್ಯತ್ಯಾಸದ ವರ್ಗ ಸರಾಸರಿಯಲ್ಲಿ ಅತಿ ಕಡಿಮೆಯಾಗುತ್ತದೆ ಎಂದು ಕೇಳುತ್ತದೆ. ನಾಯ್ಸ್‌ಗೂ ಚಿತ್ರಕ್ಕೂ ಸಂಬಂಧವಿಲ್ಲ ಎಂದು ಭಾವಿಸಿ ಲೆಕ್ಕ ಮಾಡಿದರೆ ಛೇದದಲ್ಲಿ |H|²ದ ಜೊತೆಗೆ ಒಂದು ಪದ ತಾನಾಗಿಯೇ ಬಂದು ಸೇರುತ್ತದೆ. ಅದೇ ಆ ಆವರ್ತನದಲ್ಲಿ ನಾಯ್ಸ್ ಶಕ್ತಿಯನ್ನು ಚಿತ್ರದ ಶಕ್ತಿಯಿಂದ ಭಾಗಿಸಿದ ಪ್ರಮಾಣ. ಅದನ್ನು ಎಲ್ಲ ಆವರ್ತನಗಳಿಗೂ ಒಂದೇ K ಎಂದು ಇಡುವುದಷ್ಟೇ ನಾವು ಮಾಡಿಕೊಂಡ ಸರಳೀಕರಣ. ಕೆಳಗೆ g ಎಂದರೆ ಮಸುಕು ಚಿತ್ರ, h ಎಂದರೆ ಒಂದೇ ಸಾಲಿನಲ್ಲಿ 1/15 ಎಂಬ 15 ಬೆಲೆಗಳಿರುವ ಮಸುಕಿನ ಕಿಟಕಿ.

```python
H = np.fft.fft2(h, s=g.shape)
G = np.fft.fft2(g)
F = np.conj(H) * G / (np.abs(H)**2 + K)
f = np.real(np.fft.ifft2(F))
```

ನಿಮ್ಮ ಚಿತ್ರದ ಮಾನಕ ವಿಚಲನೆ 50 ಎಂದಿಟ್ಟುಕೊಂಡರೆ ಚಿತ್ರದ ವೇರಿಯನ್ಸ್ 2500, ನಾಯ್ಸ್‌ನದು 1/12. ಆದ್ದರಿಂದ K ಸುಮಾರು 0.000033. ಇದರಲ್ಲಿ ಕಣ್ಣಂದಾಜು ಎಲ್ಲೂ ಇಲ್ಲ. ಈ ಫಿಲ್ಟರ್‌ನ ಹಿಗ್ಗುವಿಕೆ |H| ಎಂಬುದು √Kಗೆ ಸಮನಾದಾಗ ಗರಿಷ್ಠವಾಗುತ್ತದೆ, ಆ ಗರಿಷ್ಠ 1/(2√K), ಅಂದರೆ ಇಲ್ಲಿ ಸುಮಾರು 87. ಆ ಪುಂಡ u = 239ರಲ್ಲಿ 2,400 ಇದ್ದದ್ದು 12ಕ್ಕೆ ಇಳಿಯುತ್ತದೆ. ಇದೇ ಕ್ಯಾಮೆರಾದ ನಿಜವಾದ ನಾಯ್ಸ್ ಆಗಿ, ಅದರ ಮಾನಕ ವಿಚಲನೆ 2 ಮಟ್ಟ ಇದ್ದರೆ K = 4/2500 = 0.0016, ಆಗ ಎಲ್ಲಿಯೂ ಹಿಗ್ಗುವಿಕೆ 12.5 ಪಟ್ಟನ್ನು ಮೀರದು. ನಾಯ್ಸ್‌ನ ವೇರಿಯನ್ಸನ್ನು ಆಕಾಶ, ಗೋಡೆಯಂತಹ ಸಮತಟ್ಟಾದ ಭಾಗದಿಂದ ಅಳೆದುಕೊಳ್ಳಿ. ಇಲ್ಲಿ ನಾನೇ ಒಮ್ಮೆ ಎರಡು ದಿನ ಕಳೆದುಕೊಂಡದ್ದುಂಟು: ಮೇಲಿನ ಬಗೆಯ ಎಫ್‌ಎಫ್‌ಟಿಯಲ್ಲಿ ನಾಯ್ಸ್‌ನ ಶಕ್ತಿ σ² ಅಲ್ಲ, σ²ವನ್ನು ಒಟ್ಟು ಪಿಕ್ಸೆಲ್‌ಗಳ ಸಂಖ್ಯೆಯಿಂದ ಗುಣಿಸಿದಷ್ಟು. ಚಿತ್ರದ ಶಕ್ತಿಯನ್ನು |F|²ನಿಂದ ತೆಗೆದು ನಾಯ್ಸ್‌ಗೆ ಬರೀ σ² ಹಾಕಿದರೆ K ಲಕ್ಷಾಂತರ ಪಟ್ಟು ಚಿಕ್ಕದಾಗಿ, ಹೆಸರಿಗೆ ವೀನರ್ ಆದರೂ ನಡೆಯುವುದು ಇನ್‌ವರ್ಸ್ ಫಿಲ್ಟರೇ.

ಆದರೆ ಕಳೆದುಹೋದದ್ದನ್ನು ವೀನರ್ ಫಿಲ್ಟರ್ ಮರಳಿ ತರುವುದಿಲ್ಲ. ಮೂಲ ಚಿತ್ರದ ಪ್ರತಿ ಆವರ್ತನದಲ್ಲಿ ಉಳಿಯುವ ಪಾಲು |H|²/(|H|² + K). u = 34ರಲ್ಲಿ ಇದು ಪಿಎನ್‌ಜಿಯ ಸಂದರ್ಭದಲ್ಲಿ ಮೂರನೆಯ ಒಂದು ಭಾಗದಷ್ಟು, ಕ್ಯಾಮೆರಾ ನಾಯ್ಸ್ ಇದ್ದಾಗ ಶೇಕಡ 1ರಷ್ಟು. ಆ ಅಲೆಗಳು ಇಲ್ಲದ ಕಾರಣ ಚೂಪಾದ ಅಂಚುಗಳ ಪಕ್ಕದಲ್ಲಿ 15 ಪಿಕ್ಸೆಲ್ ಅಂತರಕ್ಕೆ ತೆಳುವಾದ ನೆರಳುಗಳು ಕಾಣಿಸಿಕೊಳ್ಳುತ್ತವೆ. Kಯನ್ನು ಇಳಿಸಿದರೆ ಆ ನೆರಳು ಕಡಿಮೆಯಾಗಿ ಕಸ ಏರುತ್ತದೆ. ಒಂದೇ Kಯ ಇನ್ನೊಂದು ಕೊರತೆಯೆಂದರೆ, ನಿಜವಾದ ಚಿತ್ರಗಳ ಶಕ್ತಿ ಕಡಿಮೆ ಆವರ್ತನಗಳಲ್ಲೇ ತುಂಬಿಕೊಂಡಿರುತ್ತದೆ, ಮೇಲಕ್ಕೆ ಹೋದಂತೆ ಸುಮಾರಾಗಿ ಆವರ್ತನದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಹಾಗಾಗಿ, ಲಂಬ ಆವರ್ತನವನ್ನು v ಎಂದರೆ, Kಯನ್ನು u² + v²ಕ್ಕೆ ಅನುಪಾತವಾಗಿ ಏರಿಸುವುದು ನನ್ನ ಅನುಭವದಲ್ಲಿ ಸ್ಥಿರ Kಗಿಂತ ಸ್ವಚ್ಛವಾದ ಚಿತ್ರ ಕೊಟ್ಟಿದೆ.

ನಿಜವಾದ ಫೋಟೋಗೆ ಹೋಗುವ ಮೊದಲು ಇನ್ನೊಂದು ಮಾತು. ಎಫ್‌ಎಫ್‌ಟಿಯಿಂದ ಮಸುಕಾಗಿಸಿದಾಗ ಬಲ ಅಂಚಿನ ಪಿಕ್ಸೆಲ್‌ಗಳು ಎಡ ಅಂಚಿನವುಗಳೊಂದಿಗೆ ಬೆರೆಯುತ್ತವೆ. ಕ್ಯಾಮೆರಾದಲ್ಲಿ ಚೌಕಟ್ಟಿನ ಆಚೆಗಿದ್ದ ದೃಶ್ಯ ಒಳಗೆ ಬೆರೆಯುತ್ತದೆ. ಈ ಹೊಂದಿಕೆಯಿಲ್ಲದ ಅಂಚು ನಾಯ್ಸ್‌ಗಿಂತ ಎಷ್ಟೋ ದೊಡ್ಡ ದೋಷ, ಅದು ಇಡೀ ಚಿತ್ರದ ಉದ್ದಕ್ಕೂ ಲಂಬ ಪಟ್ಟೆಗಳಾಗಿ ಹರಡುತ್ತದೆ. ಎರಡೂ ಅಂಚುಗಳನ್ನು 15 ಪಿಕ್ಸೆಲ್‌ಗಿಂತ ಹೆಚ್ಚು ಅಗಲಕ್ಕೆ ಒಂದರೊಳಗೊಂದು ಮೆಲ್ಲಗೆ ಬೆರೆಯುವಂತೆ ಮಾಡಿ, ಬಳಿಕ ಫಿಲ್ಟರ್ ಹಾಕಿ, ಆ ಅಂಚನ್ನು ಕತ್ತರಿಸಿಬಿಡಿ. ಚಲನೆಯ ಉದ್ದ 15 ಹೌದೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ: ಮಸುಕು ಚಿತ್ರದ ಸ್ಪೆಕ್ಟ್ರಮ್ಮನ್ನು ಲಾಗ್ ಪ್ರಮಾಣದಲ್ಲಿ ತೋರಿಸಿದರೆ ಕಪ್ಪು ಪಟ್ಟಿಗಳು ಕಾಣುತ್ತವೆ, ಅವುಗಳ ಅಂತರದಿಂದ 512ನ್ನು ಭಾಗಿಸಿದರೆ ಉದ್ದ ಸಿಗುತ್ತದೆ. ಉದ್ದವನ್ನು 16 ಎಂದು ತಪ್ಪಾಗಿ ಕೊಟ್ಟರೆ ಫಿಲ್ಟರ್ ಪಟ್ಟಿಗಳಿಲ್ಲದ ಜಾಗವನ್ನು ತಡೆದು, ಇರುವ ಜಾಗವನ್ನು ಸರಿಪಡಿಸದೆ ಬಿಡುತ್ತದೆ. ಆಗ Kಯನ್ನು ಎಷ್ಟು ತಿರುಗಿಸಿದರೂ ನೆರಳುಗಳು ಹೋಗುವುದಿಲ್ಲ.