ದುಬೈಗೆ ಹೊರಟವರಿಗೆ ನಮ್ಮ ಕಡೆ ಏನು ಹೇಳುತ್ತೇವೆ: ಮಂಜೇಶ್ವರದಿಂದ ಒಂದು ಉತ್ತರ

ನಿಮ್ಮ ಜೊತೆ ಕೆಲಸ ಮಾಡುವ ಕಾಸರಗೋಡಿನ ಹುಡುಗ ಮುಂದಿನ ವಾರ ದುಬೈಗೆ ಹೋಗುತ್ತಿದ್ದಾನೆ, ಅವನಿಗೆ ಕನ್ನಡದಲ್ಲಿ ಏನು ಹೇಳಿ ಕಳಿಸಲಿ ಎಂದು ಕೇಳಿದ್ದೀರಿ. ನಮ್ಮಲ್ಲಿ ಇದು ಹೆಚ್ಚುಕಮ್ಮಿ ಪ್ರತಿ ಮನೆಯ ವಿಷಯ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ನಮ್ಮ ಊರಿನ ಬಗ್ಗೆ ಎರಡು ಮಾತು. 1956ರ ನವೆಂಬರ್ 1ಕ್ಕೆ ರಾಜ್ಯಗಳು ಹೊಸದಾಗಿ ಆದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಆದರೆ ದೂರ ಹೋಗುವುದಿದ್ದರೆ ಇಲ್ಲಿನವರು ಜಾಸ್ತಿ ಹಿಡಿಯುವುದು ತಲಪಾಡಿ ಗಡಿ ದಾಟಿ ಮಂಗಳೂರಿನ ದಾರಿಯನ್ನೇ. ವಿಮಾನಕ್ಕೆ ಬಜ್ಪೆ. ಹೊರಡುವ ದಿನ ಅಂಗಳದಲ್ಲಿ ನಾಲ್ಕೈದು ಭಾಷೆ ಕೇಳುತ್ತದೆ. ತುಳುವಿನಲ್ಲಿ ‘ಪೋದು ಬಲ’, ಮಲಯಾಳದಲ್ಲಿ ‘ಪೋಯಿಟ್ಟು ವಾ’, ಹವ್ಯಕರ ಮನೆಯಲ್ಲಿ ‘ಹೋಗಿಕ್ಕಿ ಬಾ’, ಕನ್ನಡದಲ್ಲಿ ‘ಹೋಗಿ ಬಾ’. ನಾಲ್ಕರಲ್ಲೂ ಹೋಗುವುದರ ಜೊತೆಗೆ ಬರುವುದೂ ಇದೆ, ಗಮನಿಸಿ. ಹೊರಡುವವನೂ ‘ಹೋಗ್ತೇನೆ’ ಎಂದು ನಿಲ್ಲಿಸುವುದಿಲ್ಲ. ‘ಹೋಗಿ ಬರ್ತೇನೆ’ ಅಥವಾ ಬರೀ ‘ಬರ್ತೇನೆ’ ಅನ್ನುತ್ತಾನೆ. ಚಿಕ್ಕ ಮಕ್ಕಳು ‘ಹೋಗ್ತೇನೆ’ ಅಂದರೆ ಅಜ್ಜಿ ಅಲ್ಲೇ ತಡೆದು ತಿದ್ದುತ್ತಾರೆ.

ಹೊರಗಿನವರು ಎಡವುವುದು ಇಲ್ಲಿಯೇ. ‘ಹೋಗಿ’ ಎಂಬುದು ಮರ್ಯಾದೆಯ ಮಾತು ಎಂದು ಕಲಿತಿರುತ್ತಾರೆ. ಅದಕ್ಕೇ ಹೊರಟವರಿಗೆ ನಗುತ್ತಾ ‘ಹೋಗಿ, ಹೋಗಿ’ ಅಂದುಬಿಡುತ್ತಾರೆ. ಕೇಳಿದವರಿಗೆ ಅಟ್ಟಿದ ಹಾಗೆ ಆಗುತ್ತದೆ. ಇನ್ನೊಂದು ವಿಷಯ, ‘ಹೋಗಿ ಬಾ’ ಎನ್ನುವಾಗ ಆ ‘ಹೋಗಿ’ಯಲ್ಲಿ ಮರ್ಯಾದೆ ಏನೂ ಇಲ್ಲ. ಅದು ಎಲ್ಲರಿಗೂ ಒಂದೇ. ಮರ್ಯಾದೆ ಇರುವುದು ಕೊನೆಯ ಮಾತಿನಲ್ಲಿ. ಕಿರಿಯನಿಗೆ, ಗೆಳೆಯನಿಗೆ ‘ಹೋಗಿ ಬಾ’. ಹಿರಿಯರಿಗೆ, ಅಷ್ಟು ಪರಿಚಯ ಇಲ್ಲದವರಿಗೆ ‘ಹೋಗಿ ಬನ್ನಿ’. ತುಳುವಿನಲ್ಲೂ ಹಾಗೆಯೇ, ಹಿರಿಯರಿಗೆ ‘ಪೋದು ಬಲೆ’.

‘ಶುಭ ಪ್ರಯಾಣ’ ತಪ್ಪಲ್ಲ. ಬಸ್ಸಿನ ಹಿಂದೆ, ಊರು ಮುಗಿಯುವಲ್ಲಿ ಬೋರ್ಡಿನ ಮೇಲೆ ಓದಿರುತ್ತೀರಿ. ಆದರೆ ಮನೆಯ ಮೆಟ್ಟಿಲಲ್ಲಿ ನಿಂತು ಯಾರೂ ಹಾಗೆ ಹೇಳುವುದಿಲ್ಲ. ಈಗಿನ ಹುಡುಗರು ‘ಹ್ಯಾಪಿ ಜರ್ನಿ’ ಅನ್ನುತ್ತಾರೆ. ಅಮ್ಮಂದಿರು ಹೇಳುವುದು ‘ಜಾಗ್ರತೆ, ಆಯ್ತಾ’. ನಮ್ಮ ಕಡೆ ಆ ಒಂದು ‘ಜಾಗ್ರತೆ’ಯಲ್ಲಿ ಪಾಸ್‌ಪೋರ್ಟು, ಊಟ, ಆರೋಗ್ಯ ಎಲ್ಲ ಸೇರಿರುತ್ತದೆ. ಮೈಸೂರು ಕಡೆಯಾದರೆ ‘ಹುಷಾರಾಗಿ ಹೋಗ್ಬಾ’ ಅಂದಾರು.

ಹೊರಟವನನ್ನು ‘ಎಲ್ಲಿಗೆ?’ ಎಂದು ನೇರವಾಗಿ ಕೇಳಬೇಡಿ. ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ಹಳಬರು ನಂಬುತ್ತಾರೆ. ‘ದೂರ ಹೊರಟದ್ದಾ?’ ಎಂದರೆ ಸಾಕು. ಏನಾದರೂ ಮರೆತು ಅವನು ವಾಪಸ್ ಬಂದರೆ ಒಂದು ನಿಮಿಷ ಕೂರಿಸಿ, ನೀರು ಕುಡಿಸಿ, ಮತ್ತೆ ಕಳಿಸುತ್ತೇವೆ. ಇಂಥದ್ದರಲ್ಲಿ ನಂಬಿಕೆ ಇಲ್ಲದವರೂ ಆ ನೀರು ಕುಡಿಯುತ್ತಾರೆ. ಅಮ್ಮನಿಗೆ ಸಮಾಧಾನ ಆಗಲಿ ಎಂದು.

ಇನ್ನು ‘ಇಳಿದ ಮೇಲೆ ಮೆಸೇಜ್ ಮಾಡು’ ಎನ್ನುವುದರ ವಿಷಯ. ನಮ್ಮಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಜನರಲ್ಲಿ 158 ಜನ ತೀರಿಹೋದರು. ಸತ್ತವರಲ್ಲಿ ಕಾಸರಗೋಡಿನವರು ಎಷ್ಟೋ ಜನ. ಅಂದಿನಿಂದ ವಿಮಾನ ನೆಲ ಮುಟ್ಟಿದ ಸುದ್ದಿಗೆ ಇಲ್ಲಿನ ಮನೆಗಳು ಎಚ್ಚರ ಕೂತು ಕಾಯುತ್ತವೆ.

ಹಾಗಾಗಿ ನಾವು ಒಂದು ಸುದ್ದಿ ಅಲ್ಲ, ಎರಡು ಕೇಳುತ್ತೇವೆ. ‘ಇಳಿದ ಕೂಡಲೇ ಒಂದು ಮೆಸೇಜ್ ಹಾಕು. ರೂಮಿಗೆ ಮುಟ್ಟಿದ ಮೇಲೆ ಇನ್ನೊಂದು ಹಾಕು.’ ಇಳಿಯುವುದು ವಿಮಾನದಿಂದ, ಮುಟ್ಟುವುದು ಉಳಿದುಕೊಳ್ಳುವ ಜಾಗಕ್ಕೆ. ‘ತಲುಪಿದ ಮೇಲೆ’ ಎಂದು ಬರೆದರೂ ಅರ್ಥ ಆಗುತ್ತದೆ, ಆದರೆ ಇಲ್ಲಿ ಬಾಯಿಗೆ ಬರುವುದು ‘ಮುಟ್ಟಿದ ಮೇಲೆ’. ಬೆಳಗಾವಿ, ಧಾರವಾಡ ಕಡೆಯವರೂ ‘ಮುಟ್ಟಿದ ಕೂಡಲೇ ಫೋನ್ ಹಚ್ಚು’ ಅನ್ನುತ್ತಾರೆ.

ಆ ಎರಡು ಮೆಸೇಜಿನ ನಡುವೆ ಎಷ್ಟು ಹೊತ್ತು ಹೋಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಮನೆಯವರ ಹೆದರಿಕೆ ಕಡಿಮೆ. ವಿಮಾನ ರಾತ್ರಿ 11ಕ್ಕೆ ಬಜ್ಪೆಯಿಂದ ಹೊರಟಿತು ಎಂದುಕೊಳ್ಳಿ. ಹತ್ತಿರ ಹತ್ತಿರ ನಾಲ್ಕು ಗಂಟೆಯ ದಾರಿ. ನಮ್ಮ ಗಡಿಯಾರದಲ್ಲಿ ಸುಮಾರು 3 ಆಗುವಾಗ ಇಳಿಯುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ ಆಗ 1:30. ಟಿಕೆಟಿನಲ್ಲಿ ಇರುವುದು ಈ 1:30. ಅದನ್ನೇ ನಮ್ಮ ಸಮಯ ಎಂದುಕೊಂಡು ಒಂದೂವರೆಯಿಂದಲೇ ಫೋನು ನೋಡುತ್ತಾ ಕೂತು, ಗಾಬರಿಯಾದ ಅಮ್ಮಂದಿರು ಬೇಕಾದಷ್ಟು ಇದ್ದಾರೆ. ಯಾರಾದರೂ ಕೂತು ಲೆಕ್ಕ ಮಾಡಿ, ‘ನಮ್ಮ ಮೂರು ಗಂಟೆಗೆ ಇಳಿಯುತ್ತದೆ, ಮೂರೂವರೆವರೆಗೆ ಕಾಯಬೇಕು’ ಎಂದು ಹೇಳಿ ಹೋಗಬೇಕು.

ಇಳಿದ ಮೇಲೂ ಊರಿನ ಸಿಮ್ ರೋಮಿಂಗ್ ಹಾಕಿಸದೆ ನಡೆಯುವುದಿಲ್ಲ. ವಿಮಾನ ನಿಲ್ದಾಣದ ವೈಫೈ ಸಿಕ್ಕಿದ ಮೇಲೆಯೇ ಮೆಸೇಜ್. ಅಷ್ಟರವರೆಗೆ ಮನೆಯವರು ಕಳಿಸಿದ ವಾಟ್ಸಾಪಿಗೆ ಒಂದೇ ಟಿಕ್ ಇರುತ್ತದೆ. ಎರಡು ಟಿಕ್ ಬಿದ್ದರೆ ಫೋನಿಗೆ ನೆಟ್ ಸಿಕ್ಕಿತು ಎಂದು ಲೆಕ್ಕ. ಆಗಲೇ ಅರ್ಧ ಜೀವ ಬರುತ್ತದೆ. ಆ ದೇಶದಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ವಾಯ್ಸ್ ನೋಟೂ ಹೋಗುತ್ತದೆ, ಕರೆ ಮಾತ್ರ ಸಾಮಾನ್ಯವಾಗಿ ಹೋಗುವುದಿಲ್ಲ. ಅದಕ್ಕೇ ದುಬೈಗೆ ಹೊರಟವನಿಗೆ ‘ಕಾಲ್ ಮಾಡು’ ಅನ್ನುವುದಕ್ಕಿಂತ ‘ಮೆಸೇಜ್ ಹಾಕು’ ಅನ್ನುವುದೇ ಸರಿ. ಓದುಬರಹ ಕಡಿಮೆ ಇರುವ ಅಜ್ಜಿಗೆ ವಾಯ್ಸ್ ನೋಟು. ಮಗನ ಸ್ವರ ಕೇಳಿದರೇ ಅವರಿಗೆ ನಿದ್ದೆ.

ಒಂದು ಕಡೆ ಮಾತ್ರ ಈ ‘ಬರ್ತೇನೆ’, ‘ಬನ್ನಿ’ ಬೇಡ. ಸಾವಿನ ಮನೆಗೆ ಹೋದಾಗ ಹೊರಡುವವರು ‘ಬರ್ತೇನೆ’ ಅನ್ನುವುದಿಲ್ಲ, ಮನೆಯವರು ‘ಹೋಗಿ ಬನ್ನಿ’ ಅನ್ನುವುದಿಲ್ಲ. ಸುಮ್ಮನೆ ಎದ್ದು ಹೊರಡುತ್ತೇವೆ. ಬೇರೆ ಊರಿಂದ ಬಂದವರು ಒಳ್ಳೆಯ ಅಭ್ಯಾಸ ಎಂದು ಅಲ್ಲೂ ಹೇಳಿಬಿಡುತ್ತಾರೆ. ಹಾಗೆ ಆಗದಂತೆ ನೋಡಿಕೊಳ್ಳಿ.

ನಿಮ್ಮ ಗೆಳೆಯನಿಗೆ ಹೊರಡುವ ದಿನ ಸಂಜೆ ಹೀಗೆ ಬರೆಯಿರಿ: ‘ಜಾಗ್ರತೆಯಲ್ಲಿ ಹೋಗಿ ಬಾ. ಇಳಿದ ಕೂಡಲೇ ಮೊದಲು ಮನೆಗೆ ಮೆಸೇಜ್ ಹಾಕು, ಆಮೇಲೆ ನನಗೆ ಹಾಕು. ಎಷ್ಟು ಹೊತ್ತಾದರೂ ಅಡ್ಡಿಯಿಲ್ಲ.’ ನಿಮಗಿಂತ ದೊಡ್ಡವನಾದರೆ ‘ಬನ್ನಿ’, ‘ಹಾಕಿ’ ಎಂದು ಬದಲಿಸಿ. ಅವನಿಂದ ಉದ್ದದ ಉತ್ತರ ಬರಲಿಕ್ಕಿಲ್ಲ. ‘ಇಳಿದೆ’ ಎಂದು ಒಂದೇ ಮಾತು ಬರುತ್ತದೆ. ಅದಕ್ಕೆ ನೀವು ‘ಸರಿ, ರೂಮಿಗೆ ಮುಟ್ಟಿದ ಮೇಲೆ ಹೇಳು’ ಎಂದು ಬರೆದರೆ ನಮ್ಮೂರಿನವರೇ ಬರೆದ ಹಾಗಿರುತ್ತದೆ.